ಬಾರದ ಹೊಲಿಗೆಯಂತ್ರ

ತೀರ್ಥಹಳ್ಳಿಯ ಕಡೆಯ ಪ್ರೌಢಶಾಲೆಯೊಂದರ ಉಪಾಧ್ಯಾಯಿನಿಯೊಬ್ಬರು 2025ರ ಜನವರಿ 3ರಂದು ಅಂತರ್ಜಾಲದ ಅಂಗಡಿಯೊಂದರಿಂದ ಹೊಲಿಗೆಯಂತ್ರ ತರಿಸಲು 18,400 ರೂಪಾಯಿಗಳನ್ನು ತಮ್ಮ ಕ್ರೆಡಿಟ್ ಕಾರ್ಡಿನಿಂದ ಪಾವತಿ ಮಾಡಿದರು. ಯಂತ್ರ ಬೇಕಾಗಿದ್ದುದು ಅವರಿಗಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ತಂಗಿಗೆ. ಊರಿನ ಹೆಂಗಸರ ರವಿಕೆಗಳನ್ನು ಹೊಲಿದುಕೊಟ್ಟು ತನ್ನ ಮಗುವಿನ ಖರ್ಚನ್ನಾದರೂ ತಾನೇ ನೋಡಿಕೊಳ್ಳಬೇಕೆಂಬುದು ಆಕೆಯ ಆಸೆ. ಜನವರಿ 15ರೊಳಗೆ ಯಂತ್ರ ಮನೆ ಸೇರುವುದೆಂದು ಅಂಗಡಿಯವರು ಬರೆದಿದ್ದರು. 14ರಂದು, ಸಂಕ್ರಾಂತಿಯ ಮಧ್ಯಾಹ್ನ, ಉಪಾಧ್ಯಾಯಿನಿಯ ಫೋನಿಗೆ ‘Delivered’ ಎಂಬ ಸಂದೇಶ ಬಂದಿತು. ಹಬ್ಬದ ದಿನವಾದುದರಿಂದ ಮನೆಮಂದಿಯೆಲ್ಲ ಮನೆಯಲ್ಲಿಯೇ ಇದ್ದರು. ಬಾಗಿಲಿಗೆ ಬಂದವರು ಎಳ್ಳು ಬೀರುವ ಮಕ್ಕಳು ಮಾತ್ರ!

ಕಾರ್ಡಿನಿಂದ ಕೊಟ್ಟ ಹಣಕ್ಕೆ ವಸ್ತು ಬಾರದೆ ಹೋದಾಗ ಆ ಹಣವನ್ನು ಬ್ಯಾಂಕಿನ ಮೂಲಕ ಹಿಂದಕ್ಕೆ ಸೆಳೆಯುವ ಕ್ರಮವೊಂದುಂಟು. ಅದಕ್ಕೆ ‘ಚಾರ್ಜ್‌ಬ್ಯಾಕ್’ ಎಂದು ಹೆಸರು. ಅಲ್ಲಿ ಸಾಕ್ಷಿಕಟ್ಟೆಯಿಲ್ಲ, ಪಾಟೀಸವಾಲಿಲ್ಲ. ಒಂದು ಕಾಗದಕ್ಕೆ ಇನ್ನೊಂದು ಕಾಗದವೇ ಉತ್ತರ. ಆದುದರಿಂದ ನ್ಯಾಯ ಯಾರ ಕಡೆಗಿದೆಯೆಂಬುದಕ್ಕಿಂತಲೂ, ಎದುರಾಳಿ ಮುಂದೆ ಮಾಡಲಿರುವ ಕಾಗದವನ್ನು ಸುಳ್ಳೆಂದು ತೋರಿಸುವ ಕಾಗದ ಯಾರ ಕೈಯಲ್ಲಿದೆ ಎಂಬುದೇ ಮುಖ್ಯವಾಗುತ್ತದೆ.

ಉಪಾಧ್ಯಾಯಿನಿ ಮೊದಲು ಅಂಗಡಿಯವರಿಗೆ ಬರೆದರು; ಅದೇ ಸರಿಯಾದ ಕ್ರಮ. ಮಾರಿದವನಿಗೆ ತಪ್ಪನ್ನು ತಿದ್ದಿಕೊಳ್ಳಲು ಒಂದು ಅವಕಾಶ ಕೊಟ್ಟಿರಬೇಕೆಂದು ಬ್ಯಾಂಕುಗಳು ಕೇಳುತ್ತವೆ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆಯಿಲ್ಲವಾದ್ದರಿಂದ ಆಕೆ ಇ-ಮೇಲ್‌ನಲ್ಲಿಯೇ ಬರೆದರು. “ನಿಮ್ಮ ಪಾರ್ಸೆಲ್ ತಲಪಿದೆ, ನಮ್ಮ ಹೊಣೆ ಮುಗಿಯಿತು” ಎಂದು ಎರಡು ದಿನಗಳಲ್ಲಿ ಉತ್ತರ ಬಂದಿತು.

ಅನಂತರ ಆಕೆ ಮಾಡಿದ ಕೆಲಸವೇ ಮುಂದೆ ಆಕೆಯನ್ನು ಕಾಪಾಡಿತು. ಕೊರಿಯರ್ ಕಚೇರಿಗೆ ತಾವೇ ಹೋಗಿ, ಪಾರ್ಸೆಲಿನ ಸಂಖ್ಯೆಯನ್ನು ತೋರಿಸಿ, ಅದನ್ನು ಒಪ್ಪಿಸಿದ ರಸೀತಿಯ ಪ್ರತಿಯನ್ನು ಕೇಳಿದರು. ಅದರಲ್ಲಿದ್ದ ಪಿನ್‌ಕೋಡ್ ಇವರದೇ. ಆದರೆ ಬೀದಿ ಬೇರೆ, ಸಹಿ ಯಾರದೋ. ತೂಕ 250 ಗ್ರಾಂ! ಅಂಗಡಿಯ ಪುಟದಲ್ಲಿ ಯಂತ್ರದ ತೂಕ 11 ಕಿಲೋಗ್ರಾಂ ಎಂದು ಅವರೇ ಬರೆದುಕೊಂಡಿದ್ದರು. ಇದು ಇಂದಿನ ವಂಚನೆಯ ಒಂದು ಪಳಗಿದ ವಿಧಾನ. ಅದೇ ಊರಿನ ಯಾರಿಗೋ ಹಗುರವಾದ ಲಕೋಟೆಯೊಂದನ್ನು ಕಳುಹಿಸಿಬಿಟ್ಟರೆ ಕೊರಿಯರಿನ ದಾಖಲೆಯಲ್ಲಿ ‘ತಲಪಿದೆ’ ಎಂಬ ಮುದ್ರೆ ಬೀಳುತ್ತದೆ. ಆ ಮುದ್ರೆಯೇ ಮಾರಿದವನ ಗುರಾಣಿಯಾಗುತ್ತದೆ.

ಹೀಗೆ ಆಕೆಯ ಬಳಿ ಐದು ಕಾಗದಗಳು ಕೂಡಿದವು: ವಿಳಾಸವೂ ಬರುವ ತಾರೀಖೂ ನಮೂದಾಗಿದ್ದ ಆರ್ಡರಿನ ಪತ್ರ, ಯಂತ್ರದ ತೂಕವಿದ್ದ ಪುಟದ ಚಿತ್ರ, ಕಾರ್ಡಿನ ಬಿಲ್ಲು, ಅಂಗಡಿಯೊಡನೆ ನಡೆದ ಪತ್ರವ್ಯವಹಾರ ಮತ್ತು ಕೊರಿಯರಿನ ರಸೀತಿ. ಅಂಗಡಿಯ ಪುಟ ನಾಳೆ ಇರುವುದೆಂಬ ನೆಚ್ಚಿಕೆಯಿಲ್ಲ. ಆದುದರಿಂದ ಅದರ ಚಿತ್ರವನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳತಕ್ಕದ್ದು. ಬಿಲ್ಲಿನಲ್ಲಿ ಅಂಗಡಿಯ ಹೆಸರಿಗೆ ಬದಲಾಗಿ ಬೇರೊಂದು ಕಂಪನಿಯ ಹೆಸರಿರುವುದೂ ಉಂಟು. ಅದನ್ನು ಗುರುತು ಹಾಕಿ ಬ್ಯಾಂಕಿಗೆ ತಿಳಿಸಬೇಕು.

ಜನವರಿ 24ರಂದು ಆಕೆ ಬ್ಯಾಂಕಿಗೆ ಹೋದರು. ಅರ್ಜಿಯಲ್ಲಿ “ಈ ವ್ಯವಹಾರ ನಾನು ಮಾಡಿದ್ದಲ್ಲ” ಎಂಬ ಸಾಲಿಗೆ ಗುರುತು ಹಾಕಲಿದ್ದಾಗ ಎದುರಿಗಿದ್ದ ಅಧಿಕಾರಿ ತಡೆದರು.

“ಮೇಡಂ, ಓಟಿಪಿ ಹಾಕಿದವರು ನೀವೇ ತಾನೆ?”

“ಹೌದು ಸಾರ್. ಆದರೆ ಇದು ಮೋಸವಲ್ಲವೆ?”

“ಮೋಸವೇ ಸರಿ. ಆದರೂ ಹಣ ಕೊಟ್ಟವರು ನೀವೇ. ಅಲ್ಲಿ ಗುರುತು ಹಾಕಿದರೆ, ಓಟಿಪಿಯ ದಾಖಲೆಯೊಂದನ್ನೇ ತೋರಿಸಿ ಅವರು ಗೆದ್ದುಬಿಡುತ್ತಾರೆ. ‘Goods not received’ ಎಂಬ ಸಾಲಿಗೆ ಹಾಕಿ.”

ದೂರಿನ ವರ್ಗವೊಂದು ತಪ್ಪಿದರೆ ಐದು ಕಾಗದಗಳೂ ವ್ಯರ್ಥ. ಕಾಲದ ಲೆಕ್ಕವೂ ಹಾಗೆಯೇ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳ ನಿಯಮದಂತೆ, ವಸ್ತು ಬರಬೇಕಾಗಿದ್ದ ಕೊನೆಯ ದಿನದಿಂದ 120 ದಿನಗಳೊಳಗೆ ಬ್ಯಾಂಕು ವಿವಾದವನ್ನು ಹೂಡಬೇಕು; ಹಣ ಸಂದಾಯವಾದ ದಿನದಿಂದ 540 ದಿನಗಳನ್ನು ಅದು ಮೀರಕೂಡದು. ಆದರೆ ಇದು ಬ್ಯಾಂಕಿಗಿರುವ ಗಡುವು. ಗ್ರಾಹಕನಿಗೆ ಬ್ಯಾಂಕು ಇದಕ್ಕಿಂತ ಕಡಿಮೆ ದಿನಗಳನ್ನು ಗೊತ್ತುಮಾಡಿರಬಹುದು. “ಮುಂದಿನ ವಾರ ಹಣ ಹಿಂತಿರುಗಿಸುತ್ತೇವೆ” ಎಂದು ಅಂಗಡಿಯವರು ವಾರದಿಂದ ವಾರಕ್ಕೆ ತಳ್ಳುವುದು ಅನೇಕ ವೇಳೆ ಈ ಗಡುವನ್ನು ಕಳೆಯುವುದಕ್ಕಾಗಿಯೇ.

ಅರ್ಜಿ ಹೋದ ಮೇಲೆ ಕಾರ್ಡು ಕೊಟ್ಟ ಬ್ಯಾಂಕು, ಕಾರ್ಡು ಸಂಸ್ಥೆಯ ಜಾಲದ ಮೂಲಕ, ಅಂಗಡಿಯವನ ಬ್ಯಾಂಕಿನಿಂದ ಹಣವನ್ನು ಹಿಂದಕ್ಕೆ ಕೇಳುತ್ತದೆ. ಫೆಬ್ರುವರಿಯ ಎರಡನೆಯ ವಾರದಲ್ಲಿ ಉಪಾಧ್ಯಾಯಿನಿಯ ಖಾತೆಗೆ 18,400 ರೂಪಾಯಿ ಜಮೆಯಾಯಿತು. ತಂಗಿ ಹಿಗ್ಗಿದಳು. ಆದರೆ ಅದು ತಾತ್ಕಾಲಿಕವಾದ ಜಮೆ. ವಿವಾದ ಸೋತರೆ ಬ್ಯಾಂಕು ಅದನ್ನು ಮರಳಿ ಕಳೆದುಕೊಳ್ಳುತ್ತದೆ. ಇಂಥ ಜಮೆಯನ್ನು ಎಲ್ಲ ಬ್ಯಾಂಕುಗಳೂ ಕೊಡುತ್ತವೆಂಬ ಭರವಸೆಯೂ ಇಲ್ಲ. ದೂರು ಕೊಟ್ಟೆನೆಂದು ಬಿಲ್ಲನ್ನು ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯಬಹುದು. ಉಪಾಧ್ಯಾಯಿನಿ ಬಿಲ್ಲನ್ನು ಪೂರ್ತಿ ಕಟ್ಟಿದ್ದರು. ಬಂದ ಹಣವನ್ನು ಮುಟ್ಟಲಿಲ್ಲ.

ಅವರ ಎಚ್ಚರಿಕೆ ಸರಿಯಾಗಿದ್ದಿತು. ಮಾರ್ಚಿ ಮೊದಲ ವಾರದಲ್ಲಿ ಬ್ಯಾಂಕಿನಿಂದ ಪತ್ರ ಬಂದಿತು. ಅಂಗಡಿಯವರು ವಿವಾದವನ್ನು ಒಪ್ಪದೆ, ‘ತಲಪಿದೆ’ ಎಂಬ ಕೊರಿಯರ್ ದಾಖಲೆಯನ್ನು ಮುಂದಿಟ್ಟು ಹಣವನ್ನು ಮತ್ತೆ ಕೇಳಿದ್ದರು. ಇದು ಎರಡನೆಯ ಘಟ್ಟ. ಬ್ಯಾಂಕಿನವರು ಇದನ್ನು ‘ರೀಪ್ರೆಸೆಂಟ್‌ಮೆಂಟ್’ ಎನ್ನುತ್ತಾರೆ. ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ಪ್ರಕರಣ ಮುಕ್ತಾಯವೆಂದೂ ಆ ಪತ್ರದಲ್ಲಿತ್ತು. ಎಷ್ಟೋ ಮಂದಿ ಗ್ರಾಹಕರು ಸೋಲುವುದು ಇಲ್ಲಿಯೇ. ಹಣ ಬಂದಾಯಿತೆಂದು ಪತ್ರವನ್ನು ಒಡೆಯದವರುಂಟು. ಒಡೆದರೂ ಕೋಪದಿಂದ ನಾಲ್ಕು ಪುಟ ಬರೆದು ಒಂದು ಆಧಾರವನ್ನೂ ಲಗತ್ತಿಸದವರುಂಟು.

ಉಪಾಧ್ಯಾಯಿನಿಯ ಉತ್ತರ ಒಂದೇ ಪುಟದ್ದು. ಆರ್ಡರಿನಲ್ಲಿದ್ದ ವಿಳಾಸ ಇದು, ಪಾರ್ಸೆಲ್ ಹೋದ ಬೀದಿ ಅದು. ಯಂತ್ರ 11 ಕಿಲೋಗ್ರಾಂ, ಪಾರ್ಸೆಲ್ 250 ಗ್ರಾಂ. ಸಹಿ ನಮ್ಮ ಮನೆಯವರಾರದೂ ಅಲ್ಲ. ಮೂರೇ ವಾಕ್ಯ, ಪ್ರತಿಯೊಂದಕ್ಕೂ ಒಂದು ಲಗತ್ತು. ಒಪ್ಪಿದ ವಿಳಾಸದಲ್ಲಿ, ಕಾರ್ಡಿನವರಿಗೆ ಅಥವಾ ಅವರು ಒಪ್ಪಿದವರಿಗೆ ವಸ್ತು ಮುಟ್ಟಿತೆಂದು ತೋರಿಸುವುದು ಮಾರಿದವನ ಹೊಣೆ. ಊರು ಮುಟ್ಟಿತೆಂದರೆ ಸಾಲದು.

ಬ್ಯಾಂಕು ಈ ಉತ್ತರವನ್ನು ಮೂರನೆಯ ಘಟ್ಟಕ್ಕೆ, ಎಂದರೆ ‘ಪ್ರೀ-ಆರ್ಬಿಟ್ರೇಷನ್’ ಎಂಬ ಹಂತಕ್ಕೆ ಒಯ್ದಿತು. ಅಲ್ಲಿಯೂ ಎರಡು ಬ್ಯಾಂಕುಗಳು ಒಪ್ಪದಿದ್ದರೆ ಕೊನೆಯದು ಪಂಚಾಯಿತಿ. ಕಾರ್ಡು ಸಂಸ್ಥೆಯೇ ತೀರ್ಪು ಕೊಡುತ್ತದೆ. ಸೋತವರು ತೆರಬೇಕಾದ ಶುಲ್ಕ ನೂರಾರು ಡಾಲರು. ಆದುದರಿಂದಲೇ ಚಿಕ್ಕ ಮೊತ್ತಕ್ಕಾಗಿ ಬ್ಯಾಂಕುಗಳು ಅಲ್ಲಿಯವರೆಗೆ ಹೋಗಲು ಹಿಂಜರಿಯುತ್ತವೆ. ಈ ಹಿಂಜರಿಕೆ ಗ್ರಾಹಕನಿಗೆ ಪ್ರತಿಕೂಲವಾಗಲೂಬಹುದು. ಆಗಲೂ ದಾರಿ ಮುಚ್ಚುವುದಿಲ್ಲ. ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಂಗಡಿಯವನ ಮೇಲೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ.

ಉಪಾಧ್ಯಾಯಿನಿ ಅಷ್ಟು ದೂರ ಹೋಗಬೇಕಾಗಲಿಲ್ಲ. 250 ಗ್ರಾಂ ತೂಕದ ರಸೀತಿಯನ್ನು ಕಂಡ ಅಂಗಡಿಯವನ ಬ್ಯಾಂಕು ಶುಲ್ಕದ ಗಂಡಾಂತರಕ್ಕೆ ಒಡ್ಡಿಕೊಳ್ಳದೆ ಒಪ್ಪಿಕೊಂಡಿತು. ಏಪ್ರಿಲಿನಲ್ಲಿ, ಜಮೆ ಕಾಯಂ ಆಯಿತೆಂಬ ಪತ್ರ ಬಂದಿತು.

ಆ ಶನಿವಾರ ಅಕ್ಕ ತಂಗಿಯರಿಬ್ಬರೂ ಶಿವಮೊಗ್ಗಕ್ಕೆ ಹೋಗಿ, ಅಂಗಡಿಯಲ್ಲಿ ನಿಂತು, ಯಂತ್ರವನ್ನು ತುಳಿದು ನೋಡಿ ಕೊಂಡುತಂದರು. ಬಸ್ಸಿನ ಮೇಲೇರಿಸುವಾಗ ಅದರ ಭಾರಕ್ಕೆ ಕಂಡಕ್ಟರು ಗೊಣಗಿದನು. ಅಕ್ಕ ತಂಗಿಯರು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು.