ಸಾಹೇಬ ದಬ್ಬಿದ್ದೋ, ಸಾಹೇಬನ್ನ ದಬ್ಬಿದ್ದೋ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ವರದಿಗಾರ ಗೆಳೆಯರೇ, ಕನ್ನಡ ಕಲಿಸುವ ಗುರುಗಳೇ, ಮೊದಲು ಈ ಒಂದು ಸಾಲು ಓದಿ:

‘ನೆರೆ ಸಂತ್ರಸ್ಥರ ಪರಿಹಾರದ ಕುರಿತು ಬೀಳಗಿದಲ್ಲಿ ನಡೆದ ಸಭೆಯಲ್ಲಿ ಅಧಿಕಾರಿ ತಳ್ಳಿದ ರೈತನನ್ನು ಪೊಲೀಸರು ವಶಕ್ಕೆ ಪಡೆಯಲಾಯಿತು.’

ಇದು ಯಾವ ಪತ್ರಿಕೆಯ ಸಾಲೂ ಅಲ್ಲ, ಇಂಥ ಸಭೆಯೂ ನಡೆದಿಲ್ಲ. ಸುದ್ದಿಗಳಲ್ಲೂ ಮಕ್ಕಳ ನಿಬಂಧಗಳಲ್ಲೂ ಮತ್ತೆ ಮತ್ತೆ ಕಣ್ಣಿಗೆ ಬೀಳುವ ನಾಲ್ಕು ತಪ್ಪುಗಳನ್ನು ಸೇರಿಸಿ ನಾನೇ ಕಟ್ಟಿದ ಸಾಲು. ಇವುಗಳಲ್ಲಿ ಒಂದನ್ನೂ ನಮ್ಮ ಸೀಮೆಯ ಜನ ಬಾಯಲ್ಲಿ ಮಾಡುವುದಿಲ್ಲ. ತಪ್ಪು ಹುಟ್ಟುವುದು ಪೆನ್ನು ಹಿಡಿದಾಗ. ನಮ್ಮ ಮಾತು ಒರಟು, ಬರವಣಿಗೆ ಕೆಡುವುದೇ ಅದರಿಂದ ಎಂದು ಎಷ್ಟು ವರ್ಷದಿಂದ ಹೇಳಿಸಿಕೊಂಡಿದ್ದೇವೆ! ಆ ಮಾತನ್ನು ಒಪ್ಪಬೇಡಿ.

‘ಬೀಳಗಿದಲ್ಲಿ’ ಎಂಬುದನ್ನೇ ನೋಡಿ. ಮುಧೋಳ ಎಂಬ ಹೆಸರು ಅಕಾರದಲ್ಲಿ ಮುಗಿಯುತ್ತದೆ. ಅದಕ್ಕೇ ಮುಧೋಳವನ್ನು, ಮುಧೋಳಕ್ಕೆ, ಮುಧೋಳದಲ್ಲಿ. ಬೀಳಗಿ, ಜಮಖಂಡಿ, ರಬಕವಿ, ಬನಹಟ್ಟಿ ಇಕಾರದಲ್ಲಿ ಮುಗಿಯುತ್ತವೆ. ಅಲ್ಲಿ ದಕಾರಕ್ಕೆ ಜಾಗವಿಲ್ಲ, ನಡುವೆ ಯಕಾರ ಬರಬೇಕು: ಬೀಳಗಿಯನ್ನು, ಬೀಳಗಿಯಲ್ಲಿ. ಚತುರ್ಥಿಯಲ್ಲಿ ‘ಕ್ಕೆ’ ಅಲ್ಲ, ‘ಗೆ’. ಎಕಾರಕ್ಕೂ ಇದೇ ನಿಯಮ: ಶಾಲೆಯಲ್ಲಿ, ಬಾಗಲಕೋಟೆಯಲ್ಲಿ. ಗ್ರಾಮದಲ್ಲಿ, ಮುಧೋಳದಲ್ಲಿ ಎಂದು ಬರೆದು ಬರೆದು ರೂಢಿಯಾದ ಕೈ ಅದೇ ‘ದಲ್ಲಿ’ಯನ್ನು ಶಾಲೆಗೂ ಹಳ್ಳಿಗೂ ಅಂಟಿಸಿಬಿಡುತ್ತದೆ.

ಆದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ. ‘ಮುಧೋಳದಾಗ ಇಳದೆ’ ಅನ್ನುತ್ತಾರೆ, ‘ಜಮಖಂಡ್ಯಾಗ ಇಳದೆ’ ಅನ್ನುತ್ತಾರೆ. ‘ಜಮಖಂಡಿದಾಗ’ ಅಂದರೆ ಕೂಸುಗಳೂ ನಕ್ಕಾವು. ದಕಾರ ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದು ನಾಲಿಗೆಗೆ ಚೆನ್ನಾಗಿ ಗೊತ್ತು. ಗುರುಗಳೇ, ‘ಜಮಖಂಡ್ಯಾಗ’ ಎಂದು ಬರೆದ ಮಗುವಿಗೆ ಕೆಂಪು ಗೀಟು ಹಾಕಿ ಸುಮ್ಮನಾಗಬೇಡಿ. ಬೋರ್ಡಿನ ಮೇಲೆ ‘ಜಮಖಂಡ್ಯಾಗ, ಮುಧೋಳದಾಗ’ ಎಂದು ಬರೆದು, ಪಕ್ಕದಲ್ಲೇ ‘ಜಮಖಂಡಿಯಲ್ಲಿ, ಮುಧೋಳದಲ್ಲಿ’ ಎಂದು ಬರೆಯಿರಿ. ವಿಭಕ್ತಿಯ ಪಾಠ ಅಲ್ಲೇ ಅರ್ಧ ಮುಗಿಯಿತು.

ಸಂಧಿಗೂ ಅದೇ ದಾರಿ. ಜಮಖಂಡಿಯ ಇಕಾರ ಯಕಾರವಾಯಿತು, ಮುಂದಿನ ‘ಆಗ’ದ ದೀರ್ಘ ಹಾಗೇ ಉಳಿದು ‘ಯಾ’ ಬಂತು. ಸಂಸ್ಕೃತದ ಯಣ್ ಸಂಧಿ ನಡೆಯುವುದೂ ಹೀಗೆಯೇ. ಇತಿ ಮತ್ತು ಆದಿ ಸೇರಿದರೆ ಇತ್ಯಾದಿ, ಅತಿ ಮತ್ತು ಆಧುನಿಕ ಸೇರಿದರೆ ಅತ್ಯಾಧುನಿಕ. ಎರಡರಲ್ಲೂ ಎರಡನೆಯ ಪದ ದೀರ್ಘದಿಂದ ಶುರುವಾಗುತ್ತದೆ. ಕೋಟಿಯ ಮುಂದೆ ಬರುವುದು ‘ಅಧಿಪತಿ’, ಜಾತಿಯ ಮುಂದೆ ಬರುವುದು ‘ಅತೀತ’, ಎರಡೂ ಹ್ರಸ್ವ. ಹಾಗಾದರೆ ಕೋಟ್ಯಧಿಪತಿ, ಜಾತ್ಯತೀತ ಎಂದಾಗಬೇಕು. ಕೋಟ್ಯಾಧಿಪತಿ, ಜಾತ್ಯಾತೀತ ಎಂಬ ದೀರ್ಘಗಳು ಎಲ್ಲಿಂದ ಬಂದವು? ಬರೆಯುವ ಮುಂಚೆ ಪದವನ್ನು ಒಮ್ಮೆ ಬಿಡಿಸಿ ನೋಡದ ಅವಸರದಿಂದ.

ಇನ್ನು ‘ಸಂತ್ರಸ್ಥ’. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ನಮ್ಮ ಊರುಗಳು ಮುಳುಗಿದ ದಿನಗಳಿಂದ ಈ ಪದ ನಮ್ಮನ್ನು ಬಿಟ್ಟಿಲ್ಲ. ಕೊನೆಯ ‘ಸ್ಥ’ ಅಂದರೆ ಇರುವವನು, ನೆಲೆ ನಿಂತವನು: ಗ್ರಾಮಸ್ಥ, ಗೃಹಸ್ಥ. ಸಂತ್ರಸ್ತ ಆ ಬಳಗಕ್ಕೆ ಸೇರಿದ ಪದವಲ್ಲ. ಅದರೊಳಗೆ ಇರುವುದು ನಾವು ದಿನಾ ಆಡುವ ‘ತ್ರಾಸ’. ‘ಭಾಳ ತ್ರಾಸ ಆಗೇತ್ರಿ’ ಅನ್ನುವವನೇ ಸಂತ್ರಸ್ತ. ತ್ರಾಸದ ಸಕಾರ, ಅದರ ಮೇಲೊಂದು ತಕಾರ, ಅಷ್ಟೇ. ಮಹಾಪ್ರಾಣ ಬೇಕಿಲ್ಲ. ಅಸ್ತವ್ಯಸ್ತಕ್ಕೂ ಬೇಕಿಲ್ಲ, ರಸ್ತೆ ದುರಸ್ತಿಗೂ ಬೇಕಿಲ್ಲ. ಭೂಮಿಪೂಜೆಯ ಸುದ್ದಿಯಲ್ಲಿ ಬರುವ ‘ಶಂಖುಸ್ಥಾಪನೆ’ಯೂ ಇದೇ ಜಾಡಿನದು. ಅಲ್ಲಿ ನೆಡುವುದು ಗೂಟ, ಅಂದರೆ ಶಂಕು. ಶಂಖ ಊದುವುದು ಬೇರೆ ಕೆಲಸ.

ಮಾತು ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ, ನಿಜ. ನಾವು ಮನಿ, ಸಾಲಿ ಅನ್ನುತ್ತೇವೆ. ಬರೆಯುವಾಗ ಮನೆ, ಶಾಲೆ. ‘ವಿಧ್ಯಾರ್ಥಿ’ ಎಂದು ಬರೆದ ಹುಡುಗನಿಗೆ ಕಿವಿ ನೆರವಾಗದು, ‘ವಿದ್ಯಾ’ ಎಂಬ ಪದವನ್ನು ಕಣ್ಣಿನಿಂದಲೇ ಕಲಿಯಬೇಕು. ಹಾಗೆಯೇ ತಾಲೂಕು, ತಾಲ್ಲೂಕು ಎರಡೂ ನಡೆಯುತ್ತವೆ. ಅಂಥಲ್ಲಿ ಮಗುವಿನ ಅಂಕ ಕಳೆಯಬೇಡಿ.

ಈಗ ಪೊಲೀಸರ ಕಡೆ ಬನ್ನಿ. ‘ಪೊಲೀಸರು ವಶಕ್ಕೆ ಪಡೆಯಲಾಯಿತು.’ ‘ಪೊಲೀಸರು’ ಎಂದು ಕರ್ತೃವನ್ನು ಹೇಳಿದ ಮೇಲೆ ಕ್ರಿಯಾಪದ ಅವರ ಹೆಗಲಿಗೇ ಬೀಳಬೇಕು: ಪಡೆದರು. ‘ಲಾಯಿತು’, ‘ಲಾಗಿದೆ’ ಬರುವುದು ಕರ್ತೃವನ್ನು ಹೇಳದೆ ಬಿಟ್ಟಾಗ. ಅನುಮಾನ ಬಂದರೆ ‘ನಮ್ಮಪ್ಪ ಹೊಲ ಬಿತ್ತಲಾಯಿತು’ ಎಂದು ಜೋರಾಗಿ ಹೇಳಿ ನೋಡಿ.

ಇವೆಲ್ಲವೂ ನಾಚಿಕೆಯ ತಪ್ಪುಗಳು. ನಾಲ್ಕನೆಯದು ಮಾತ್ರ ಅನ್ಯಾಯ. ‘ಅಧಿಕಾರಿ ತಳ್ಳಿದ ರೈತ.’ ತಳ್ಳಿದವರು ಯಾರು? ಅಧಿಕಾರಿ ರೈತನನ್ನು ತಳ್ಳಿದನೋ, ರೈತ ಅಧಿಕಾರಿಯನ್ನು ತಳ್ಳಿದನೋ? ಕನ್ನಡದಲ್ಲಿ ‘ನೀರು ಕುಡಿದೆ’, ‘ಪುಸ್ತಕ ಓದಿದೆ’ ಎಂದು ದ್ವಿತೀಯೆಯ ‘ಅನ್ನು’ ಬಿಡಬಹುದು. ನೀರು ಯಾರನ್ನೂ ಕುಡಿಯುವುದಿಲ್ಲ, ಗೊಂದಲವಿಲ್ಲ. ಮನುಷ್ಯರ ವಿಷಯದಲ್ಲಿ ಈ ಸಲಿಗೆ ಇಲ್ಲ. ಅಲ್ಲಿ ‘ಅನ್ನು’ ಬಿಟ್ಟರೆ ಪೆಟ್ಟು ತಿಂದವನೇ ಕೈ ಮಾಡಿದವನಾಗುತ್ತಾನೆ. ಚಹಾದಂಗಡಿಯಲ್ಲಿ ಇದೇ ಸುದ್ದಿ ಹೇಳಿ ನೋಡಿ, ‘ಸಾಹೇಬ ದಬ್ಬಿದ್ದೋ, ಸಾಹೇಬನ್ನ ದಬ್ಬಿದ್ದೋ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ‘ನ್ನ’ದ ಬೆಲೆ ಅಂಗಡಿಯ ಕಟ್ಟೆಗೆ ಗೊತ್ತಿದೆ. ತಲೆಬರಹದಲ್ಲಿ ಜಾಗವಿಲ್ಲವೆಂದು ಅದನ್ನೇ ಕತ್ತರಿಸುವ ನಮಗೆ ಏಕೆ ಗೊತ್ತಿಲ್ಲ?

ಸಾಲನ್ನು ತಿದ್ದೋಣ: ‘ನೆರೆ ಸಂತ್ರಸ್ತರ ಪರಿಹಾರದ ಕುರಿತು ಬೀಳಗಿಯಲ್ಲಿ ನಡೆದ ಸಭೆಯಲ್ಲಿ ಅಧಿಕಾರಿಯನ್ನು ತಳ್ಳಿದ ರೈತನನ್ನು ಪೊಲೀಸರು ವಶಕ್ಕೆ ಪಡೆದರು.’ ಇಲ್ಲವೇ, ‘ಅಧಿಕಾರಿಯಿಂದ ತಳ್ಳಿಸಿಕೊಂಡ ರೈತನನ್ನೇ ಪೊಲೀಸರು ವಶಕ್ಕೆ ಪಡೆದರು.’ ಎರಡೂ ಶುದ್ಧ ಕನ್ನಡ, ಆದರೆ ಎರಡು ಬೇರೆ ಬೇರೆ ಸುದ್ದಿ. ಯಾವುದು ನಿಜ ಎಂಬುದನ್ನು ಯಾವ ವ್ಯಾಕರಣ ಪುಸ್ತಕವೂ ಹೇಳದು, ಸಭೆಯಲ್ಲಿ ಇದ್ದವರನ್ನು ಕೇಳಬೇಕು. ಎಷ್ಟೋ ಸಲ ಪ್ರತ್ಯಯ ಬಿಟ್ಟುಹೋಗಿರುವುದು ಮರೆವಿನಿಂದಲ್ಲ, ವಿಷಯವೇ ನಮಗೆ ಸರಿಯಾಗಿ ಗೊತ್ತಿಲ್ಲದ್ದರಿಂದ.

ರನ್ನ ಹುಟ್ಟಿದ ಸೀಮೆಯವರು ನಾವು. ಅವನ ಹೆಸರಿನ ಉತ್ಸವದಲ್ಲಿ ಕೂತು ಚಪ್ಪಾಳೆ ತಟ್ಟಿದರೆ ಆ ಹೆಮ್ಮೆಯ ಋಣ ತೀರುವುದಿಲ್ಲ. ವರದಿಗಾರರೇ, ಸುದ್ದಿ ಕಳಿಸುವ ಮುಂಚೆ ಅದನ್ನು ನಮ್ಮೂರ ಮಾತಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ. ಯಾರು, ಯಾರನ್ನು, ಯಾರಿಗೆ ಎಂಬ ಮೂರಕ್ಕೂ ಸಾಲಿನೊಳಗೇ ಉತ್ತರ ಸಿಗಬೇಕು. ಸಿಗದಿದ್ದರೆ ಕಳಿಸಬೇಡಿ, ಫೋನ್ ಎತ್ತಿ ಕೇಳಿ. ಉಪಸಂಪಾದಕರೇ, ತಲೆಬರಹ ಉದ್ದವಾದರೆ ವಿಶೇಷಣ ಕತ್ತರಿಸಿ, ಪ್ರತ್ಯಯ ಮುಟ್ಟಬೇಡಿ. ಗುರುಗಳೇ, ನಾಳೆಯ ವರದಿಗಾರ ಇಂದು ನಿಮ್ಮ ಮುಂದೆ ನಿಬಂಧ ಬರೆಯುತ್ತಿದ್ದಾನೆ. ಅವನ ಸಾಲಿನ ಕೆಳಗೆ ‘ತಪ್ಪು’ ಎಂದು ಬರೆಯುವ ಬದಲು ‘ಯಾರು ಯಾರನ್ನು?’ ಎಂದು ಬರೆಯಿರಿ.