ಮೂರೋ ಆರೋ? ಊಹಿಸಿ ಬರೆಯಬೇಡಿ

ಆಳಂದ ತಾಲೂಕಿನ ಜಿಡಗಾದಿಂದ ತೊಗರಿ ರೈತರೊಬ್ಬರ ಲೆಕ್ಕದ ಪುಟ ಮೊಬೈಲಿಗೆ ಬಂತು ಅಂತಿಟ್ಟುಕೊಳ್ಳಿ. ಎಷ್ಟು ಕ್ವಿಂಟಲ್ ಎಂಬಲ್ಲಿ ೩ ಇದೆಯೋ ೬ ಇದೆಯೋ ತಿಳಿಯದು. ಎರಡರ ಮೈಯೂ ಹೆಚ್ಚುಕಡಿಮೆ ಒಂದೇ, ಬಾಲವಷ್ಟೇ ಬೇರೆ. ತೋಚಿದ್ದನ್ನು ಟೈಪ್ ಮಾಡಿ ಮುಂದೆ ಹೋಗುವ ವರದಿಗಾರರ ಚಾಳಿಯನ್ನು ನಾವು ಒಪ್ಪುವುದಿಲ್ಲ. ಉತ್ತರ ಆ ಸಾಲಿನಲ್ಲೇ ಇರಬಹುದು. ದರ ೭೦೦೦, ಒಟ್ಟು ೪೨೦೦೦ ಎಂದಿದ್ದರೆ ಅದು ೬. ೩ ಆಗಿದ್ದರೆ ೨೧೦೦೦ ಬರಬೇಕಿತ್ತು.

‘ದನ ಬಂತು’ ಎಂಬ ಸಾಲಿಗೆ ಗುಣಾಕಾರ ನಡೆಯದು. ಬಂದದ್ದು ಎತ್ತೋ, ರೊಕ್ಕವೋ? ದ, ಧ ನಡುವಿನ ವ್ಯತ್ಯಾಸ ಕೆಳಗಿನ ಸಣ್ಣ ಸೀಳು ಮಾತ್ರ. ಮಸುಕು ಫೋಟೊದಲ್ಲಿ ಅದು ಅಳಿಸಿಹೋಗುತ್ತದೆ. ಮಾತಿನಲ್ಲಿ ಮಹಾಪ್ರಾಣ ಸಡಿಲವಾದವರು ಬರೆಯುವಾಗಲೂ ಅದನ್ನು ಬಿಡುತ್ತಾರೆ. ಅದೇ ಪುಟದಲ್ಲಿ ‘ಧಾನ್ಯ’ ಹುಡುಕಿ. ಅಲ್ಲಿ ಸೀಳು ಕಂಡರೆ ಇದು ಬಹುಶಃ ದನವೇ. ಅಲ್ಲೂ ಇಲ್ಲದಿದ್ದರೆ, ಇಲ್ಲಿ ಸೀಳಿಲ್ಲ ಎಂಬುದರಿಂದ ಏನೂ ತಿಳಿಯದು. ಆಗ ‘ದನ/ಧನ?’ ಎಂದು ಎರಡನ್ನೂ ಗುರುತು ಹಾಕಿಕೊಂಡು ಬರೆದವರನ್ನೇ ಕೇಳಬೇಕು.

ಸಮಯವಿಲ್ಲ ಎನ್ನುವುದು ನೆಪ. ಆರನ್ನು ಮೂರು ಮಾಡಿ ಅಚ್ಚು ಹಾಕಿದರೆ, ಲೆಕ್ಕ ತಪ್ಪಿದವರು ರೈತರೆಂದೇ ಓದುವವರು ತಿಳಿಯುತ್ತಾರೆ.