ಪುರಾವೆ ಕೇಳಬೇಕಾದ್ದು ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ

ಸೋಲಾರ್ ಪಂಪ್‌ಸೆಟ್ ಹಾಕಿಸಿಕೊಂಡ ರೈತರೊಬ್ಬರು ವಿಮಾ ಕಂಪನಿಗೆ ಇಮೇಲ್ ಬರೆದು, ಪಂಪಿಗೂ ಹೊಲದ ಪೈಪ್‌ಲೈನಿಗೂ ವಿಮೆ ಬೇಕೆಂದು ಕೇಳುತ್ತಾರೆ. ಬಿಲ್ಲು, ಫೋಟೊ, ಪಂಪ್ ಚಾಲೂ ಮಾಡಿದ ವರದಿ ಎಲ್ಲವನ್ನೂ ಲಗತ್ತಿಸಿರುತ್ತಾರೆ. ಇದಕ್ಕೆ ಕಂಪನಿ ಕೊಡಬಹುದಾದ ಪ್ರಾಮಾಣಿಕ ಉತ್ತರ ಎರಡೇ. ದಾಖಲೆ ನೋಡಿ, ಬೇಕಿದ್ದರೆ ಸ್ಥಳಕ್ಕೂ ಬಂದು ಒಪ್ಪಿಕೊಳ್ಳುವುದು ಒಂದು. ಏನು ಸಾಲದು ಎಂದು ಬರವಣಿಗೆಯಲ್ಲಿ ತಿಳಿಸುವುದು ಇನ್ನೊಂದು. ದಾಖಲೆ ಬಿಚ್ಚಿಯೂ ನೋಡದೆ ಪ್ರೀಮಿಯಂ ಪಡೆದು, ಪ್ಲೇಟು ಕಳುವಾದ ಮೇಲೆ ‘ಇದು ನಿಮ್ಮದೇ ಎಂಬುದಕ್ಕೆ ಏನು ಆಧಾರ’ ಎಂದು ಕೇಳುವ ಮೂರನೆಯ ದಾರಿಗೆ ಅವಕಾಶವೇ ಇರಬಾರದು ಎಂಬುದು ನನ್ನ ವಾದ.

ಇದು ಹೊಸ ಬೇಡಿಕೆಯಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು ಸಾಮಾನ್ಯ ವಿಮೆಯ ಬಗ್ಗೆ 2024ರ ಜೂನ್‌ನಲ್ಲಿ ಹೊರಡಿಸಿದ ಸಮಗ್ರ ಸುತ್ತೋಲೆಯೇ ದಾಖಲೆ ಇಲ್ಲವೆಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸಬಾರದು ಎನ್ನುತ್ತದೆ. ಬೇಕಾದ ದಾಖಲೆಗಳನ್ನೆಲ್ಲ ಪ್ರಸ್ತಾವನೆ ಪರಿಶೀಲಿಸುವ ಹಂತದಲ್ಲೇ ಕೇಳಿ ಪಡೆಯಬೇಕು, ಕ್ಲೇಮಿನ ಹೊತ್ತಿಗೆ ಆ ಕ್ಲೇಮಿಗೆ ನೇರವಾಗಿ ಸಂಬಂಧಪಟ್ಟವನ್ನು ಮಾತ್ರ ಕೇಳಬೇಕು ಎಂಬುದು ಅದರ ಮಾತು. ರೈತರ ಇಮೇಲ್‌ಗೆ ಬೆಲೆ ಬರುವುದು ಇಲ್ಲೇ. ಯಾವ ದಾಖಲೆ ಯಾವ ದಿನ ಕಂಪನಿಯ ಕೈ ಸೇರಿತು ಎಂಬುದಕ್ಕೆ ಅದೇ ಸಾಕ್ಷಿ.

ಪಿಎಂ ಕುಸುಮ್ ಯೋಜನೆಯ ಪಂಪಿಗೆ ಬೇರೆ ವಿಮೆ ಏಕೆ ಎಂಬ ಪ್ರಶ್ನೆ ಸಹಜ. ಕೇಂದ್ರ ಸರ್ಕಾರದ 2019ರ ಮಾರ್ಗಸೂಚಿಯಂತೆ ಪಂಪ್ ಅಳವಡಿಸಿದ ಕಂಪನಿ ಐದು ವರ್ಷ ನಿರ್ವಹಣೆ ಮಾಡಬೇಕು. ಪ್ರಕೃತಿ ವಿಕೋಪ ಮತ್ತು ಕಳ್ಳತನದ ವಿಮೆಯೂ ಅದರಲ್ಲೇ ಸೇರಿರಬೇಕು. ಆದರೆ ಆ ಪಾಲಿಸಿಯ ಪ್ರತಿ ರೈತರ ಕೈಯಲ್ಲಿಲ್ಲದಿದ್ದರೆ, ಅದರ ಅವಧಿ, ಮೊತ್ತ, ಷರತ್ತು ಯಾವುದೂ ಅವರಿಗೆ ಗೊತ್ತಾಗುವುದಿಲ್ಲ. ಕಳುವಾದ ಮರುದಿನ ಯಾವ ನಂಬರಿಗೆ ಫೋನ್ ಮಾಡಬೇಕೆಂಬುದೂ ತಿಳಿಯದು. ಇನ್ನು ಕೊಳವೆಬಾವಿಯಿಂದ ಹೊಲದ ಕೊನೆಯವರೆಗೆ ನೆಲದಡಿ ಹಾಯಿಸಿದ ಪೈಪ್‌ಲೈನು ರೈತರು ತಮ್ಮ ದುಡ್ಡಿನಲ್ಲಿ ಹಾಕಿಸಿದ್ದು. ಪಂಪಿನ ವಿಮೆ ಅದನ್ನು ಮುಟ್ಟುವುದಿಲ್ಲ. ಐದು ವರ್ಷ ಮುಗಿದ ಮೇಲಂತೂ ಪೂರ್ತಿ ಹೊರೆ ಅವರದೇ, ಪ್ಲೇಟುಗಳ ಆಯುಸ್ಸು ಇಪ್ಪತ್ತೈದು ವರ್ಷವೆಂದು ಹೇಳಿ ಕೊಟ್ಟಿದ್ದರೂ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರೊಬ್ಬರ ಬಳಿ 5 ಎಚ್‌ಪಿ ಸೋಲಾರ್ ಪಂಪ್ ಇದೆ: 540 ವಾಟಿನ ಒಂಬತ್ತು ಪ್ಲೇಟು, ಕಂಟ್ರೋಲರ್, ಸಬ್‌ಮರ್ಸಿಬಲ್ ಮೋಟಾರು. ಪಂಪಿನ ಪೂರ್ತಿ ಬೆಲೆ ಲೆಕ್ಕಕ್ಕೆ 3,50,000 ರೂಪಾಯಿ ಇರಲಿ. ಕರ್ನಾಟಕದಲ್ಲಿ ರೈತರ ವಂತಿಗೆ ಶೇ 20 ಎಂದು ಹಿಡಿದರೆ ಅವರು ಕೊಟ್ಟದ್ದು 70,000. ವಿಮೆಯನ್ನೂ ಅಷ್ಟಕ್ಕೇ ಮಾಡಿಸಿದರು ಎನ್ನಿ. 1,00,000 ರೂಪಾಯಿಯ ಪ್ಲೇಟುಗಳು ಕಳುವಾದಾಗ ತಮಗೆ 70,000ವಾದರೂ ಬಂದೀತು ಎಂದೇ ಯಾರಾದರೂ ಭಾವಿಸುತ್ತಾರೆ. ಆದರೆ ಆಸ್ತಿಯ ನಿಜವಾದ ಬೆಲೆಯ ಐದನೇ ಒಂದು ಪಾಲಿಗೆ ಮಾತ್ರ ವಿಮೆಯಿದ್ದರೆ, ನಷ್ಟದ ಐದನೇ ಒಂದು ಪಾಲನ್ನಷ್ಟೇ ಕೊಡುವ ಷರತ್ತು ಆಸ್ತಿ ವಿಮೆಗಳಲ್ಲಿ ಸಾಮಾನ್ಯ. ಕೈಗೆ ಬರುವುದು 20,000. ವಂತಿಗೆಯ ರಸೀದಿಯೊಂದನ್ನೇ ಲಗತ್ತಿಸಿದ ರೈತರಿಗೆ ಸಹಾಯಧನ ಸೇರಿದ ಪೂರ್ತಿ ಬಿಲ್ಲು ಕೊಡಿ, ವಿಮೆ ಪೂರ್ತಿ ಬೆಲೆಗೇ ಆಗಲಿ ಎಂದು ಹೇಳಬೇಕಾದವರು ಪ್ರಸ್ತಾವನೆ ಪಡೆಯುವವರೇ. ಅವರು ಸುಮ್ಮನಿದ್ದರೆ ಅದರ ನಷ್ಟವನ್ನು ರೈತರ ತಲೆಗೆ ಕಟ್ಟುವುದು ಅನ್ಯಾಯ.

ಇದಕ್ಕಿಂತ ದೊಡ್ಡ ತೊಡಕು ಕಳ್ಳತನದ ಷರತ್ತಿನಲ್ಲಿದೆ. ಬೀಗ ಮುರಿದು, ಬಲವಂತವಾಗಿ ಒಳನುಗ್ಗಿ ಕದ್ದಿರಬೇಕು ಎಂದು ಬರೆದ ಪಾಲಿಸಿಯು ಅಂಗಡಿಗೆ, ಗೋದಾಮಿಗೆ ಹೊಂದುತ್ತದೆ. ಬಯಲಲ್ಲಿ ನಿಲ್ಲಿಸಿದ ಪ್ಲೇಟಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ನಟ್ಟು ಬಿಚ್ಚಿ ಹೊತ್ತೊಯ್ದರೆ ಮುರಿದದ್ದು ಏನೆಂದು ತೋರಿಸುವುದು? ಯುನೈಟೆಡ್ ಇಂಡಿಯಾ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ, ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗವಿಲ್ಲದ ಕಳ್ಳತನಕ್ಕೆ ಪರಿಹಾರ ಸಲ್ಲದು ಎಂದು ತೀರ್ಪಿತ್ತಿತು. ಅದೇ ತೀರ್ಪಿನ ಕೊನೆಗೆ, ಇಂಥ ಕಟ್ಟುನಿಟ್ಟಿನ ವ್ಯಾಖ್ಯಾನ ಸಾಮಾನ್ಯರಿಗೆ ತೊಡಕಾಗುತ್ತದೆ, ಕಂಪನಿಗಳು ಷರತ್ತನ್ನು ತಿದ್ದಬೇಕು ಎಂದೂ ಹೇಳಿತು. ಹೊಲದಲ್ಲಿರುವ ಪ್ಲೇಟಿನ ಫೋಟೊ ನೋಡಿ ಪಾಲಿಸಿ ಕೊಟ್ಟ ಕಂಪನಿಯು ಬಳಿಕ ಒಳನುಗ್ಗಿದ ಗುರುತು ಕೇಳಿದರೆ, ಎಂದೂ ಪೂರೈಸಲಾಗದ ಷರತ್ತಿಗೆ ಪ್ರೀಮಿಯಂ ವಸೂಲಿ ಮಾಡಿದಂತೆ. ಅದಕ್ಕೇ ರೈತರ ಇಮೇಲ್‌ನಲ್ಲಿ ಒಂದು ಸಾಲು ಇರಲೇಬೇಕು: ‘ಪ್ಲೇಟುಗಳು ಬಯಲಲ್ಲಿವೆ, ಬಲಪ್ರಯೋಗವಿಲ್ಲದ ಕಳ್ಳತನವೂ ವಿಮೆಯಲ್ಲಿ ಸೇರಿದೆಯೇ, ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ.’

ಕಂಪನಿಗಳ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಷರತ್ತು ಸಡಿಲಿಸಿದರೆ ಪ್ಲೇಟು ಮಾರಿಕೊಂಡು ಕಳುವಾಯಿತೆಂದು ದೂರು ಕೊಡುವವರೂ ಇರುತ್ತಾರೆ ಎನ್ನುವ ಅವರ ಭಯ ಆಧಾರವಿಲ್ಲದ್ದಲ್ಲ. ಆದರೆ ಈ ಮೋಸ ಹಿಡಿಯಲು ಹಳೆಯ ಡೀಸೆಲ್ ಪಂಪಿನ ಕಾಲದಲ್ಲಿ ಇಲ್ಲದ ಸಾಧನಗಳು ಈಗಿವೆ. ಪ್ರತಿ ಪ್ಲೇಟಿಗೂ ಅದರದೇ ಸೀರಿಯಲ್ ನಂಬರ್ ಇರುತ್ತದೆ, ಆರ್‌ಎಫ್‌ಐಡಿ ಗುರುತೂ ಇರುತ್ತದೆ. ಯೋಜನೆಯ ಪಂಪುಗಳಿಗೆ ದೂರದಿಂದಲೇ ನಿಗಾ ಇಡುವ ಸಾಧನ ಕಡ್ಡಾಯ. ಪಂಪ್ ಎಂದಿನವರೆಗೆ ನೀರೆತ್ತಿತು, ಯಾವ ದಿನ ನಿಂತಿತು ಎಂಬುದು ಅದರಲ್ಲಿ ಉಳಿಯುತ್ತದೆ. ಎಫ್‌ಐಆರ್‌ನಲ್ಲಿ ಬರೆಸಿದ ದಿನಕ್ಕೂ ಆ ದಾಖಲೆಗೂ ತಾಳೆಯಾಗದಿದ್ದರೆ ಸರ್ವೇಯರ್ ಕೇಳಲಿ. ಬೇಲಿ ಹಾಕಬೇಕು, ತಿರುಚಿ ತೆಗೆಯಲಾಗದ ನಟ್ಟು ಬಳಸಬೇಕು ಎಂದು ಮೊದಲೇ ಷರತ್ತು ಹಾಕಲಿ. ಪ್ರೀಮಿಯಂ ಹೆಚ್ಚಾಗುತ್ತದೆ ಎಂದಾದರೆ ಎಷ್ಟು ಹೆಚ್ಚು ಎಂದು ಹೇಳಲಿ. ಬೇಕೋ ಬೇಡವೋ ರೈತರು ತೀರ್ಮಾನಿಸುತ್ತಾರೆ. ಅಗ್ಗದ ಪಾಲಿಸಿಯೆಂದು ಕೊಟ್ಟು ಕಷ್ಟಕಾಲಕ್ಕೆ ಒದಗದಂತೆ ಮಾಡುವುದಕ್ಕಿಂತ ಅದು ಮೇಲು.

ಪೈಪ್‌ಲೈನಿನ ವಿಷಯದಲ್ಲಿ ಆಕ್ಷೇಪ ಇನ್ನೂ ಗಟ್ಟಿಯಾಗಿದೆ, ಮಣ್ಣು ಮುಚ್ಚಿದ ಮೇಲೆ ಒಳಗೆ ಏನಿದೆಯೆಂದು ಯಾರಿಗೂ ಕಾಣದು. ಹಾಗಾಗಿ ಇಲ್ಲಿ ರೈತರ ಹೊಣೆಯೂ ಇದೆ. ಕಾಲುವೆ ತೋಡಿ ಪೈಪು ಇಳಿಸಿದಾಗಲೇ, ಮುಚ್ಚುವ ಮೊದಲು ಫೋಟೊ ತೆಗೆಯಬೇಕು. ಪೈಪಿನ ಮೇಲಿನ ಅಚ್ಚು, ಅಂದರೆ ವ್ಯಾಸ ಮತ್ತು ಒತ್ತಡದ ದರ್ಜೆ, ಓದುವಂತಿರಬೇಕು. ಅಂಗಡಿಯ ಜಿಎಸ್‌ಟಿ ಬಿಲ್ಲಿನಲ್ಲಿ ಬರೆದ ಉದ್ದವೂ ನಕ್ಷೆಯಲ್ಲಿ ತೋರಿಸಿದ ಉದ್ದವೂ ಹೊಂದಬೇಕು. ಪೈಪು ಎರಡು ಸರ್ವೆ ನಂಬರು ದಾಟಿದರೆ ಎರಡನ್ನೂ ಪ್ರಸ್ತಾವನೆಯಲ್ಲಿ ಬರೆಯಬೇಕು. ಪಹಣಿ ಇನ್ನೂ ತಂದೆಯ ಹೆಸರಿನಲ್ಲಿದ್ದರೆ ಅದನ್ನೂ ಮುಚ್ಚಿಡಬಾರದು. ಸವೆತ, ಇಲಿ ಕಡಿತ, ಕೀಲು ಸೋರಿಕೆಗೆ ವಿಮೆ ಸಿಗದಿದ್ದರೆ ದೂರುವಂತಿಲ್ಲ, ಅವು ನಿರ್ವಹಣೆಯ ಖರ್ಚು. ಹಳ್ಳದ ಪ್ರವಾಹಕ್ಕೆ ಮಣ್ಣು ಕೊಚ್ಚಿ ಪೈಪು ಕಿತ್ತುಹೋಗುವುದು, ಬೆಂಕಿಗೆ ಮೇಲ್ಮೈ ಕೊಳವೆ ಕರಗುವುದು ಬೇರೆ. ಅವು ವಿಮೆಗೆ ಸಲ್ಲಬೇಕಾದ ನಷ್ಟಗಳೇ.

ಪಂಪ್ ಚಾಲೂ ಆದ ದಿನವೇ ಪಾಲಿಸಿಯ ಪ್ರತಿ, ಸೀರಿಯಲ್ ನಂಬರುಗಳ ಪಟ್ಟಿ, ಸಹಾಯಧನ ಸೇರಿದ ಪೂರ್ತಿ ಬಿಲ್ಲು ಇವಿಷ್ಟನ್ನು ರೈತರ ಕೈಗೆ ಕೊಡದ ಹೊರತು ಅಳವಡಿಸಿದ ಕಂಪನಿಯ ಅಂತಿಮ ಬಾಕಿ ಬಿಡುಗಡೆ ಮಾಡುವುದಿಲ್ಲ ಎಂದು ಯೋಜನೆ ನಡೆಸುವ ಕ್ರೆಡೆಲ್ ನಿಯಮ ಮಾಡಬೇಕು. ವಿಮಾ ಕಂಪನಿಯು ಪ್ರಸ್ತಾವನೆ ಒಪ್ಪಿದಾಗ ಇಮೇಲ್‌ನ ಲಗತ್ತುಗಳ ಪಟ್ಟಿಯನ್ನು ಪಾಲಿಸಿಯ ಭಾಗವಾಗಿಯೇ ಅಚ್ಚು ಹಾಕಿ ಕೊಡಬೇಕು.